30 ಜನಕ್ಕೆ ಬಜೆಟ್ ಹಾಕಿ, 22 ಜನ ಬಂದ್ರೆ ಉಳಿದ ದುಡ್ಡು ಯಾರು ಕೊಡ್ತಾರೆ?

ಇವತ್ತಿನ ಸಂಚಿಕೆ ಒಂದೇ ಒಂದು ಸಂಖ್ಯೆಯ ಬಗ್ಗೆ. ಯಾವುದೇ ತರಬೇತಿ ಕಾರ್ಯಕ್ರಮದ ಬಜೆಟ್ ತಗೊಳ್ಳಿ, ಕೊನೆಯ ಸಾಲಲ್ಲಿ "ಒಬ್ಬ ಅಭ್ಯರ್ಥಿಗೆ ತಗಲುವ ವೆಚ್ಚ" ಅಂತ ಒಂದು ಅಂಕಿ ಇರುತ್ತೆ. ದುಡ್ಡು ಕೊಡೋರು ಮೊದಲು ನೋಡೋದೇ ಅದನ್ನ. ಎಷ್ಟೋ ಕಡೆ ಒಪ್ಪಂದವೂ ಅದೇ ಅಂಕಿಯ ಮೇಲೆ ಆಗುತ್ತೆ. ಆದ್ರೆ ಆ ಅಂಕಿ ನಿಜ ಆಗೋದು ಒಂದೇ ಒಂದು ಸಂದರ್ಭದಲ್ಲಿ. ಹೆಸರು ಕೊಟ್ಟ ಪ್ರತಿಯೊಬ್ಬರೂ ಬಂದಾಗ ಮಾತ್ರ. ಯಾರಾದ್ರೂ ಬರಲಿಲ್ಲ ಅಂದ್ರೆ ಆ ಅಂಕಿ ಸುಳ್ಳಾಗುತ್ತೆ, ಆ ಸುಳ್ಳಿನ ಬೆಲೆ ತರಬೇತಿ ನಡೆಸಿದವರ ಜೇಬಿಂದ ಹೋಗುತ್ತೆ.

ಲೆಕ್ಕ ಅರ್ಥ ಆಗಬೇಕಾದ್ರೆ ಒಂದು ಬಜೆಟ್ ಬಿಚ್ಚಿ ನೋಡಬೇಕು. ಗದಗ ಜಿಲ್ಲೆಯ ಒಂದು ಮಹಿಳಾ ಒಕ್ಕೂಟದ ಲೆಕ್ಕಪತ್ರ ನೋಡಿಕೊಳ್ಳೋ ಗೆಳತಿಯೊಬ್ಬಳು ನನಗೆ ಒಂದು ಹಾಳೆ ಕಳಿಸಿದ್ಲು. ಜೋಳದ ರೊಟ್ಟಿ, ಶೇಂಗಾ ಚಟ್ನಿ ಪುಡಿ ಮಾಡಿ ಮಾರೋ 30 ಹೆಣ್ಣುಮಕ್ಕಳಿಗೆ ಎರಡು ದಿನದ ತರಬೇತಿ. ಪ್ಯಾಕಿಂಗ್ ಹೇಗೆ ಮಾಡಬೇಕು, ಲೇಬಲ್ ಮೇಲೆ ಏನೇನು ಇರಬೇಕು, ಬೆಲೆ ಹೇಗೆ ಕಟ್ಟಬೇಕು, ಆಹಾರ ಸುರಕ್ಷತೆಯ ನೋಂದಣಿ ಹೇಗೆ ಮಾಡಿಸಬೇಕು ಅನ್ನೋದು ವಿಷಯ. ಒಂದು ಸಂಸ್ಥೆ ದುಡ್ಡು ಕೊಡೋಕೆ ಒಪ್ಪಿದೆ. ಅವರ ಷರತ್ತು ಒಂದೇ: "ಎಷ್ಟು ಜನ ಎರಡೂ ದಿನ ಹಾಜರಿ ಹಾಕ್ತಾರೋ ಅಷ್ಟು ಜನರ ದುಡ್ಡು ಕೊಡ್ತೀವಿ." ಕೇಳೋಕೆ ನ್ಯಾಯವಾಗೇ ಇದೆ. ಆದ್ರೆ ಕಡಿಮೆ ಬಿದ್ದ ಹಣ ಒಕ್ಕೂಟದ ಉಳಿತಾಯದಿಂದಲೇ ಹೋಗಬೇಕು. ಅಂದ್ರೆ ವಾರವಾರ ಆ ಹೆಣ್ಣುಮಕ್ಕಳೇ ಕಟ್ಟಿದ ದುಡ್ಡು.

ಈ ಹಾಳೆಯನ್ನ ಇಬ್ಬರೂ ಕೂತು ಮತ್ತೆ ಬರೆದ್ವಿ. ಮಾಡಿದ ಮೊದಲ ಕೆಲಸ, ಪ್ರತಿ ಸಾಲಿನ ಮುಂದೆ ಒಂದು ಪ್ರಶ್ನೆ ಕೇಳಿದ್ದು: ಒಬ್ಬರು ಬರದಿದ್ರೆ ಈ ಖರ್ಚು ಕಡಿಮೆ ಆಗುತ್ತಾ? ಆಗಲ್ಲ ಅಂದ್ರೆ ಅದು ಸ್ಥಿರ ಖರ್ಚು. ಆಗುತ್ತೆ ಅಂದ್ರೆ ಅದನ್ನ ನಾನು ಎಣಿಕೆ ಖರ್ಚು ಅಂತ ಕರೀತೀನಿ, ತಲೆ ಎಣಿಸಿದ ಹಾಗೆ ಏರೋ ಖರ್ಚು. ಬಿ.ಕಾಂ. ಪುಸ್ತಕದಲ್ಲಿ ಇದಕ್ಕೆ ಬದಲಾಗುವ ವೆಚ್ಚ ಅನ್ನೋ ಹೆಸರಿದೆ. ಹೆಸರು ಯಾವುದಾದ್ರೂ ಇರಲಿ, ಎರಡನ್ನೂ ಒಂದೇ ಪಟ್ಟಿಯಲ್ಲಿ ಬೆರೆಸಬಾರದು ಅನ್ನೋದೇ ಮುಖ್ಯ.

ಮೊದಲು ಸ್ಥಿರ ಖರ್ಚು ನೋಡೋಣ.

ತರಬೇತುದಾರರ ಸಂಭಾವನೆ. ಬೆಂಗಳೂರಿಂದ ಬರೋರು, ದಿನಕ್ಕೆ ₹8,000. ಎರಡು ದಿನಕ್ಕೆ ₹16,000 ಅಂತ ಬರೆದು ಮುಂದೆ ಹೋಗೋದು ವಾಡಿಕೆ. ಇಲ್ಲಿ ನಿಂತು ಎರಡು ವಿಷಯ ಕೇಳಬೇಕು. ಒಂದು, ತಯಾರಿಯ ದಿನಕ್ಕೆ ದುಡ್ಡು ಇದೆಯಾ? ಊರಿನ ಪದಾರ್ಥಕ್ಕೆ ಹೊಂದೋ ಹಾಗೆ ಪಾಠ ಬದಲಾಯಿಸಿ, ಕನ್ನಡದಲ್ಲಿ ಮಾದರಿ ಲೇಬಲ್ ಮಾಡಿಕೊಂಡು ಬರೋಕೆ ಅವರಿಗೆ ಅರ್ಧ ದಿನವಾದ್ರೂ ಬೇಕು. ಅದಕ್ಕೆ ದುಡ್ಡು ಇಟ್ಟಿಲ್ಲ ಅಂದ್ರೆ ಬೇರೆಲ್ಲೋ ಮಾಡಿದ ಪಾಠವೇ ಇಲ್ಲಿಗೂ ಬರುತ್ತೆ. ಅದಕ್ಕೆ ₹4,000 ಸೇರಿಸಿದ್ವಿ. ಒಟ್ಟು ₹20,000.

ಎರಡನೆಯದು, ಈ ₹20,000 ಅನ್ನೋದು ಟಿಡಿಎಸ್ ಕಡಿತಕ್ಕೆ ಮೊದಲಿನ ಮೊತ್ತವೋ, ಕೈಗೆ ಸಿಗಬೇಕಾದ ಮೊತ್ತವೋ? ವೃತ್ತಿಪರ ಸಂಭಾವನೆಗೆ ಟಿಡಿಎಸ್ ಶೇ. 10. 2025ರ ಏಪ್ರಿಲ್‌ನಿಂದ ಇದರ ಮಿತಿ ವರ್ಷಕ್ಕೆ ₹50,000 ಆಗಿದೆ. ಒಂದೇ ತರಬೇತಿಗೆ ಕರೆದ್ರೆ ₹20,000, ಕಡಿತದ ಮಾತೇ ಇಲ್ಲ. ಆದ್ರೆ ಅದೇ ವರ್ಷ ಅವರನ್ನೇ ಮೂರು ಸಲ ಕರೆದ್ರೆ ₹60,000 ಆಗುತ್ತೆ, ಮಿತಿ ದಾಟುತ್ತೆ. ಆಗ ₹6,000 ಕಡಿದು ಸರ್ಕಾರಕ್ಕೆ ಕಟ್ಟಬೇಕು. ಇದು ಅವರ ದುಡ್ಡಿಂದಲೇ ಹೋಗೋದು, ನಿಮಗೆ ಹೆಚ್ಚುವರಿ ಖರ್ಚಲ್ಲ. "ನನಗೆ ಕೈಗೆ ಪೂರ್ತಿ ಬರಬೇಕು" ಅಂತ ಅವರು ಹೇಳಿ, ನೀವು ಹೂಂ ಅಂದಿದ್ರೆ ಮಾತ್ರ ಆ ಭಾರ ನಿಮ್ಮದು. ಆದ್ದರಿಂದ ಒಪ್ಪಿಗೆ ಪತ್ರದಲ್ಲಿ "ತೆರಿಗೆ ಕಡಿತಕ್ಕೆ ಮುಂಚಿನ ಮೊತ್ತ" ಅಂತ ಸ್ಪಷ್ಟವಾಗಿ ಬರೆಸಿ, ಪ್ಯಾನ್ ಸಂಖ್ಯೆ ಮೊದಲೇ ತಗೊಳ್ಳಿ. ಪ್ಯಾನ್ ಕೊಡದಿದ್ರೆ ಕಡಿತ ಶೇ. 20ಕ್ಕೆ ಏರುತ್ತೆ, ಜಗಳ ಆಮೇಲೆ ಶುರುವಾಗುತ್ತೆ.

ಅವರ ಪ್ರಯಾಣ. ರಾತ್ರಿ ರೈಲು ಹತ್ತಿ ಬೆಳಗ್ಗೆ ಇಳಿದು ನೇರ ಪಾಠಕ್ಕೆ ನಿಲ್ಲೋ ಹಾಗೆ ಹಾಳೆಯಲ್ಲಿ ಬರೆದಿತ್ತು. ಒಂದು ರಾತ್ರಿಯ ಲಾಡ್ಜ್ ಉಳಿಯುತ್ತೆ ಅನ್ನೋ ಲೆಕ್ಕ. ಆದ್ರೆ ರೈಲು ಎರಡು ಗಂಟೆ ತಡವಾದ್ರೆ 30 ಜನ ಕಾಯ್ತಾ ಕೂರ್ತಾರೆ, ಮೊದಲ ದಿನದ ಅರ್ಧ ಹೋಗುತ್ತೆ. ₹1,500 ಉಳಿಸೋಕೆ ಹೋಗಿ ₹4,000ದ ಅರ್ಧ ದಿನ ಕಳ್ಕೊಂಡ ಹಾಗೆ. ಹಿಂದಿನ ಸಂಜೆಯೇ ಬರಲಿ ಅಂತ ಬದಲಾಯಿಸಿದ್ವಿ. ಎರಡು ರಾತ್ರಿ ಲಾಡ್ಜ್ ₹3,000, ಹೋಗಿ ಬರೋ ರೈಲು ₹2,600, ಆಟೊ ₹600, ಊಟ ₹800. ಒಟ್ಟು ₹7,000.

ಜಾಗ. ಸಭಾಂಗಣ ದಿನಕ್ಕೆ ₹3,500 ಅಂದ್ರು. ಎರಡು ದಿನಕ್ಕೆ ₹7,000. ಅದರ ಮೇಲೆ ಜಿಎಸ್‌ಟಿ ಶೇ. 18, ₹1,260. ಫೋನ್‌ನಲ್ಲಿ ಬಾಡಿಗೆ ಹೇಳೋರು ಜಿಎಸ್‌ಟಿ ಸೇರಿಸಿ ಹೇಳಲ್ಲ, ನೀವೇ ಕೇಳಬೇಕು. ಕರೆಂಟ್, ಕಸ ಗುಡಿಸೋರು ಸೇರಿ ₹1,240. ಪ್ರೊಜೆಕ್ಟರ್ ಮತ್ತು ಮೈಕ್ ₹2,500. ಒಟ್ಟು ₹12,000. "ನಮ್ಮ ಸಮುದಾಯ ಭವನ ಉಚಿತ" ಅಂತ ಯಾರಾದ್ರೂ ಹೇಳಿದ್ರೂ ಆ ಸಾಲನ್ನ ಬಜೆಟ್‌ನಿಂದ ಅಳಿಸಬೇಡಿ. ಬಾಡಿಗೆ ಸೊನ್ನೆ ಆದ್ರೂ ಕರೆಂಟು, ಗುಡಿಸೋ ಕೂಲಿ, ಮೈಕು ಉಳಿದೇ ಉಳಿಯುತ್ತೆ.

ಇನ್ನು, ಪ್ಯಾಕಿಂಗ್ ಅಭ್ಯಾಸ ಮಾಡಿಸುವಾಗ ಜೊತೆಗೆ ನಿಲ್ಲೋ ಊರಿನ ಸಹಾಯಕಿ, ಎರಡು ದಿನಕ್ಕೆ ₹3,000. ಸೀಲಿಂಗ್ ಮಷಿನ್ ಒಕ್ಕೂಟದಲ್ಲೇ ಇದ್ದವು, ಅದಕ್ಕೆ ಖರ್ಚಿಲ್ಲ. ಬ್ಯಾನರ್, ಮೊದಲೇ ಹಳ್ಳಿಗಳಿಗೆ ಹೋಗಿ ಹೆಸರು ಬರೆಸಿಕೊಳ್ಳೋ ಓಡಾಟ, ಫೋನ್ ಎಲ್ಲ ಸೇರಿ ₹3,000.

ಕೂಡಿಸಿ: 20,000, 7,000, 12,000, 3,000, 3,000. ಸ್ಥಿರ ಖರ್ಚು ₹45,000. ಒಬ್ಬರು ಬಂದ್ರೂ ಇಷ್ಟೇ, 30 ಜನ ಬಂದ್ರೂ ಇಷ್ಟೇ.

ಈಗ ಎಣಿಕೆ ಖರ್ಚು.

ಊಟ ₹120, ಬೆಳಗ್ಗೆ ಸಂಜೆಯ ಚಹಾ ತಿಂಡಿ ₹40, ದಿನಕ್ಕೆ ₹160. ಎರಡು ದಿನಕ್ಕೆ ₹320. ನೋಟ್‌ಬುಕ್, ಮುದ್ರಿತ ಕೈಪಿಡಿ, ಪ್ರಮಾಣಪತ್ರ ₹90. ಅಭ್ಯಾಸದ ಸಾಮಾನು, ಅಂದ್ರೆ ಪೌಚ್, ಲೇಬಲ್ ಹಾಳೆ, ಶೇಂಗಾ, ಬೆಳ್ಳುಳ್ಳಿ, ಖಾರದ ಪುಡಿ ₹190. ಈ ಎರಡೂ ಸೇರಿದ ಕಿಟ್ ₹280.

ಪ್ರಯಾಣದ ಸಾಲು ಇಲ್ಲಿ ಸ್ವಲ್ಪ ಕುತೂಹಲಕರ. ಹಳೆಯ ಮಾದರಿ ನಕಲು ಮಾಡಿದ ಬಜೆಟ್‌ಗಳಲ್ಲಿ ಪ್ರತಿಯೊಬ್ಬರಿಗೂ ಬಸ್ ಚಾರ್ಜ್ ಅಂತ ಇನ್ನೂ ಬರೀತಾರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್‌ನಲ್ಲಿ ಶೂನ್ಯ ಟಿಕೆಟ್. ಹಾಗಾಗಿ ಬಸ್ ಚಾರ್ಜ್ ಬರೆದ್ರೆ ಲೆಕ್ಕ ಪರಿಶೀಲಿಸೋರು "ಟಿಕೆಟ್ ತೋರಿಸಿ" ಅಂದಾಗ ತೋರಿಸೋಕೆ ಏನೂ ಇರಲ್ಲ. ಹಾಗಂತ ಪ್ರಯಾಣ ಪೂರ್ತಿ ಸೊನ್ನೆ ಅಂತಲೂ ಬರೆಯೋಕಾಗಲ್ಲ. ಬೆಳಗ್ಗೆ 9ಕ್ಕೆ ಮುಟ್ಟಿಸೋ ಬಸ್ ಇಲ್ಲದ ಹಳ್ಳಿಗಳಿವೆ, ಬಸ್‌ಸ್ಟ್ಯಾಂಡಿಂದ ಸಭಾಂಗಣಕ್ಕೆ ಆಟೊ ಬೇಕು. ಯಾವ ಹಳ್ಳಿಯಿಂದ ಯಾರು ಬರ್ತಾರೆ, ಬಸ್ ಎಷ್ಟೊತ್ತಿಗೆ ಅಂತ ಪಟ್ಟಿ ಮಾಡಿ ನೋಡಿದಾಗ ಸರಾಸರಿ ದಿನಕ್ಕೆ ₹50 ಬಂತು. ಎರಡು ದಿನಕ್ಕೆ ₹100.

320, 280, 100. ಒಬ್ಬರ ಎಣಿಕೆ ಖರ್ಚು ₹700.

ಈಗ 30 ಜನರ ಲೆಕ್ಕ. ₹45,000ಕ್ಕೆ 30 ಸಲ ₹700, ಅಂದ್ರೆ ₹21,000 ಸೇರಿಸಿ. ₹66,000. ತುರ್ತಿಗೆ ಅಂತ ಶೇ. 5, ₹3,300. ಒಟ್ಟು ₹69,300. 30ರಿಂದ ಭಾಗಿಸಿದ್ರೆ ತಲಾ ₹2,310. ನನ್ನ ಗೆಳತಿಯ ಮುಂದೆ ಈ ಸಂಖ್ಯೆ ಬಂದಾಗ ಅವಳು, "ಆಯ್ತಲ್ಲ, ಇದನ್ನೇ ಕಳಿಸೋಣ" ಅಂದ್ಲು.

ನಾನು ಕೇಳಿದ್ದು ಒಂದೇ ಮಾತು. "ಹಿಂದಿನ ತರಬೇತಿಗಳ ಹಾಜರಿ ಪುಸ್ತಕ ಇದೆಯಾ?"

ಇತ್ತು. ಮೂರು ತರಬೇತಿ, ಮೂರಕ್ಕೂ 30 ಹೆಸರು. ಎರಡೂ ದಿನ ಸಹಿ ಇದ್ದವರು 25, 23, 24. ಮೊದಲ ದಿನ ಬಂದು ಎರಡನೇ ದಿನ ಬರದವರೇ ಜಾಸ್ತಿ. ಯಾಕೆ ಅಂತ ಅವಳಿಗೆ ಗೊತ್ತಿತ್ತು. ಒಂದು ಸಲ ಎರಡನೇ ದಿನ ಸಂತೆ ಬಿದ್ದಿತ್ತು, ರೊಟ್ಟಿ ಮಾರೋರು ಸಂತೆ ಬಿಡೋಕಾಗಲ್ಲ. ಇನ್ನೊಂದು ಸಲ ಮದುವೆ ಸೀಸನ್, ರೊಟ್ಟಿ ಆರ್ಡರ್ ಕೈ ತುಂಬ ಇತ್ತು. ತರಬೇತಿ ಉಚಿತ ಅಂತ ನಾವಂತೀವಿ, ಆದ್ರೆ ಬರೋರಿಗೆ ಎರಡು ದಿನದ ದುಡಿಮೆ ಹೋಗುತ್ತೆ. ಅದು ನಮ್ಮ ಬಜೆಟ್‌ನಲ್ಲಿ ಎಲ್ಲೂ ಕಾಣಲ್ಲ, ಹಾಜರಿ ಪುಸ್ತಕದಲ್ಲಿ ಖಾಲಿ ಜಾಗವಾಗಿ ಕಾಣುತ್ತೆ.

ಸರಿ, ಈಗ 22 ಜನ ಬಂದ್ರು ಅಂದ್ಕೊಳ್ಳಿ. 8 ಜನ ಕಡಿಮೆ. ಎಷ್ಟು ಉಳೀತು? ₹700ರಂತೆ ₹5,600 ಅಂತ ಅನಿಸುತ್ತೆ. ಅಷ್ಟೂ ಉಳಿಯಲ್ಲ. ಕಿಟ್‌ಗಳನ್ನ ಹಿಂದಿನ ವಾರವೇ 30 ಜನಕ್ಕೆ ಕೊಂಡಾಗಿದೆ. ಲೇಬಲ್ ಪ್ರಿಂಟ್ ಆಗಿದೆ, ಶೇಂಗಾ ಹುರಿದಾಗಿದೆ. ಅಂಗಡಿಗೆ ದುಡ್ಡು ಕೊಟ್ಟ ಕ್ಷಣದಿಂದ ಎಣಿಕೆ ಖರ್ಚು ಸ್ಥಿರ ಖರ್ಚಾಗಿ ಬದಲಾಗುತ್ತೆ. ಈ ಮಾತು ನೆನಪಿಟ್ಕೊಳ್ಳಿ. ಹಾಗಾಗಿ 30 ಕಿಟ್‌ನ ₹8,400 ಮೇಲಕ್ಕೆ ಹೋಗಿ ಸ್ಥಿರ ಖರ್ಚು ₹53,400 ಆಯ್ತು. ಒಬ್ಬರು ಬರದಿದ್ರೆ ನಿಜವಾಗಿ ಉಳಿಯೋದು ಊಟ, ಆಟೊ ಸೇರಿ ₹420 ಮಾತ್ರ. ಅದೂ ಅಡುಗೆಯವರಿಗೆ ಹಿಂದಿನ ಸಂಜೆಯೇ ಸರಿಯಾದ ಸಂಖ್ಯೆ ಹೇಳಿದ್ರೆ.

22 ಜನಕ್ಕೆ ಖರ್ಚು: 53,400ಕ್ಕೆ 22 ಸಲ 420, ಅಂದ್ರೆ 9,240 ಸೇರಿಸಿದ್ರೆ ₹62,640. ಸಂಸ್ಥೆ ಕೊಡೋದು 22 ಸಲ ₹2,310, ಅಂದ್ರೆ ₹50,820. ತುರ್ತಿನ ಹಣ ಒಂದು ರೂಪಾಯಿ ಮುಟ್ಟದಿದ್ರೂ ₹11,820 ಕಡಿಮೆ ಬೀಳುತ್ತೆ. ಯಾರೂ ದುಡ್ಡು ಪೋಲು ಮಾಡಿಲ್ಲ, ಯಾರೂ ಕಳ್ಳ ಲೆಕ್ಕ ಬರೆದಿಲ್ಲ. ಆದ್ರೂ ಒಕ್ಕೂಟದ ಉಳಿತಾಯದಿಂದ ಹನ್ನೆರಡು ಸಾವಿರ ಹತ್ತಿರ ಹತ್ತಿರ ಹೋಯ್ತು.

ಹಾಗಾದ್ರೆ ₹2,310ರ ದರದಲ್ಲಿ ನಷ್ಟ ಆಗದಿರೋಕೆ ಎಷ್ಟು ಜನ ಬರಬೇಕು? ಒಬ್ಬರು ಬಂದಾಗ ₹2,310 ಸಿಗುತ್ತೆ, ಅದರಲ್ಲಿ ₹420 ಅವರ ಮೇಲೇ ಖರ್ಚಾಗುತ್ತೆ. ಉಳಿದ ₹1,890 ಸ್ಥಿರ ಖರ್ಚು ತೀರಿಸೋಕೆ ಸಿಗುತ್ತೆ. 53,400ನ್ನ 1,890ರಿಂದ ಭಾಗಿಸಿದ್ರೆ 28.25. ಅರ್ಧ ಮನುಷ್ಯ ಬರೋಕಾಗಲ್ಲವಲ್ಲ, 29 ಜನ ಬೇಕು. 30ರಲ್ಲಿ 29. ಹಿಂದಿನ ಮೂರು ಸಲದಲ್ಲಿ ಒಮ್ಮೆಯೂ 25 ದಾಟಿಲ್ಲ. ಅಂದ್ರೆ ಆ ಹಾಳೆ ಕಳಿಸಿದ ದಿನವೇ ನಷ್ಟ ಬರೆದಾಗಿತ್ತು.

ಈಗ ಪರಿಹಾರ. ಎರಡು ದಾರಿ ಇವೆ.

ಮೊದಲನೇ ದಾರಿ, ದರವನ್ನ ಬರೋ ನಿರೀಕ್ಷೆ ಇರೋ ಸಂಖ್ಯೆಯ ಮೇಲೆ ಕಟ್ಟೋದು. ಹಾಜರಿ ಪುಸ್ತಕ 24 ಅನ್ನುತ್ತೆ. 53,400ಕ್ಕೆ 24 ಸಲ 420, ಅಂದ್ರೆ 10,080, ತುರ್ತಿನ 3,300 ಸೇರಿಸಿ. ₹66,780. 24ರಿಂದ ಭಾಗಿಸಿದ್ರೆ ತಲಾ ₹2,782.50, ದುಂಡಾಗಿ ₹2,800. ಈ ದರದಲ್ಲಿ ನಷ್ಟ ಇಲ್ಲದೆ ನಡೆಸೋಕೆ 23 ಜನ ಸಾಕು. ಆದ್ರೆ ಇದಕ್ಕೊಂದು ಕೊರತೆ ಇದೆ. 30 ಜನವೂ ಬಂದುಬಿಟ್ರೆ ₹84,000 ಬರುತ್ತೆ, ಖರ್ಚು ₹69,300 ದಾಟಲ್ಲ. ₹14,700 ಉಳೀತು. ಅದು ಯಾರದ್ದು ಅನ್ನೋ ಪ್ರಶ್ನೆ ಬರುತ್ತೆ, ಮೊದಲೇ ಮಾತಾಡಿರದಿದ್ರೆ ಮುಂದಿನ ಸಲ ಆ ಸಂಸ್ಥೆ ನಿಮ್ಮನ್ನ ನಂಬಲ್ಲ.

ಎರಡನೇ ದಾರಿ ನನಗೆ ಹೆಚ್ಚು ಸರಿ ಅನಿಸೋದು. ತಲಾ ವೆಚ್ಚ ಅಂತ ಒಂದೇ ಅಂಕಿ ಕೊಡದೆ, ಬಜೆಟ್ ಹೇಗಿದೆಯೋ ಹಾಗೇ ಎರಡು ತುಂಡಾಗಿ ಕೊಡೋದು. "ಕಾರ್ಯಕ್ರಮ ನಡೆಸೋಕೆ ₹45,000. ನೋಂದಾಯಿಸಿದ 30 ಜನರ ಕಿಟ್‌ಗೆ ₹8,400. ಹಾಜರಾದ ಪ್ರತಿಯೊಬ್ಬರಿಗೆ ₹420. ತುರ್ತು ನಿಧಿ ₹3,300, ಖರ್ಚಾದ್ರೆ ಮಾತ್ರ ಬಿಲ್ ಸಮೇತ." ಇದರಲ್ಲಿ 22 ಜನ ಬಂದ್ರೂ ಒಕ್ಕೂಟಕ್ಕೆ ನಷ್ಟ ಇಲ್ಲ, 30 ಜನ ಬಂದ್ರೂ ಸಂಸ್ಥೆಗೆ ಹೆಚ್ಚಿನ ಹೊರೆ ಇಲ್ಲ. ಉಳಿದ 8 ಕಿಟ್ ಮುಂದಿನ ತಂಡಕ್ಕೆ ಅಂತ ದಾಸ್ತಾನು ಪುಸ್ತಕದಲ್ಲಿ ಬರೆದಿಡಬಹುದು. ಪೌಚ್, ಕೈಪಿಡಿ ಉಳಿಯುತ್ತೆ, ಹುರಿದ ಶೇಂಗಾ ಉಳಿಯಲ್ಲ. ಅದಕ್ಕೇ ಪದಾರ್ಥಗಳನ್ನ ಮಾತ್ರ ಮೊದಲ ದಿನದ ಹಾಜರಿ ನೋಡಿ ಆ ಸಂಜೆ ಕೊಳ್ಳೋ ಹಾಗೆ, ಅಭ್ಯಾಸವನ್ನ ಎರಡನೇ ದಿನಕ್ಕೆ ಇಟ್ಕೊಂಡ್ರೆ ಇನ್ನಷ್ಟು ಒಳ್ಳೆಯದು.

ಸಂಸ್ಥೆಯವರು ಒಪ್ತಾರಾ ಅಂತ ನೀವು ಕೇಳಬಹುದು. ಅವರ ಭಯ ಏನು ಅಂತ ಯೋಚಿಸಿ. 10 ಜನ ಬಂದ್ರೂ ಪೂರ್ತಿ ದುಡ್ಡು ಕೊಡಬೇಕಾ ಅನ್ನೋದು. ಆ ಭಯಕ್ಕೂ ಹಾಳೆಯಲ್ಲೇ ಉತ್ತರ ಬರೀರಿ: ಹಿಂದಿನ ಸಂಜೆ 5ರ ಹೊತ್ತಿಗೆ ಫೋನ್‌ನಲ್ಲಿ ಬರ್ತೀವಿ ಅಂದವರು 20ಕ್ಕಿಂತ ಕಡಿಮೆ ಇದ್ರೆ ಕಾರ್ಯಕ್ರಮ ಮುಂದೂಡ್ತೀವಿ. ಮುಂದೂಡಿದ್ರೆ ತರಬೇತುದಾರರಿಗೆ, ಸಭಾಂಗಣಕ್ಕೆ ಎಷ್ಟು ಕೊಡಬೇಕು ಅನ್ನೋದನ್ನೂ ಅವರಿಬ್ಬರ ಹತ್ತಿರ ಮೊದಲೇ ಕೇಳಿ ಬರೆಸಿಕೊಳ್ಳಿ. ಅದು ಇಲ್ಲದೆ ಮುಂದೂಡೋದು ಅಂದ್ರೆ ಎರಡು ಸಲ ಬಾಡಿಗೆ ಕಟ್ಟೋದು. ತರಬೇತುದಾರರು ಅಷ್ಟೊತ್ತಿಗೆ ರೈಲಿನಲ್ಲಿ ಇರ್ತಾರೆ ಅಂದ್ರೆ ಫೋನ್ ಮಾಡೋ ದಿನವನ್ನ ಇನ್ನೊಂದು ದಿನ ಹಿಂದಕ್ಕೆ ತಳ್ಳಿ.

ಹಾಗಾದ್ರೆ 40 ಹೆಸರು ಬರ್ಕೊಂಡ್ರೆ 30 ಬರ್ತಾರಲ್ಲ ಅಂತ ಒಂದು ಜಾಣತನ ಇದೆ. ಅದರಲ್ಲೂ ಹುಷಾರು. ಪ್ಯಾಕಿಂಗ್ ಅಭ್ಯಾಸಕ್ಕೆ ಒಬ್ಬ ಸಹಾಯಕಿ 30 ಜನಕ್ಕಿಂತ ಜಾಸ್ತಿ ನೋಡಿಕೊಳ್ಳೋಕಾಗಲ್ಲ. 31ನೇ ಹೆಣ್ಣುಮಗಳು ಬಂದ್ರೆ ಆಕೆಯ ₹700 ಜೊತೆ ಇನ್ನೊಬ್ಬ ಸಹಾಯಕಿಯ ₹3,000 ಬರುತ್ತೆ. ಸ್ಥಿರ ಖರ್ಚು ಎಲ್ಲಿವರೆಗೆ ಸ್ಥಿರ ಅನ್ನೋದಕ್ಕೂ ಒಂದು ಗಡಿ ಇದೆ, ಅದು ಮೆಟ್ಟಿಲಿನ ಹಾಗೆ ಏರುತ್ತೆ. ನಿಮ್ಮ ಮೆಟ್ಟಿಲು ಎಲ್ಲಿದೆ ಅಂತ ತಿಳ್ಕೊಂಡೇ ಹೆಸರು ಬರೆಸಿಕೊಳ್ಳಿ. ನಾವು 33 ಹೆಸರು ಬರೆದು, ಕೊನೆಯ 3 ಜನಕ್ಕೆ "ಜಾಗ ಖಾಲಿಯಾದ್ರೆ ಹೇಳ್ತೀವಿ ಅಕ್ಕ" ಅಂತ ಮೊದಲೇ ಹೇಳಿಟ್ವಿ. ದಿನಾಂಕವನ್ನ ಸಂತೆ ಇಲ್ಲದ ಎರಡು ದಿನಕ್ಕೆ ಬದಲಾಯಿಸಿದ್ವಿ. ಅದಕ್ಕೆ ಒಂದು ಪೈಸೆ ಖರ್ಚಿಲ್ಲ.

ಇಷ್ಟೆಲ್ಲ ಲೆಕ್ಕ ಕೈಯಲ್ಲಿ ಮಾಡಬೇಕಾಗಿಲ್ಲ. ಫೋನ್‌ನಲ್ಲೇ ಗೂಗಲ್ ಶೀಟ್ ತೆಗೀರಿ. ಮೊದಲ ಕೋಶ B1ರಲ್ಲಿ ಸ್ಥಿರ ಖರ್ಚು ಮತ್ತು ತುರ್ತು ನಿಧಿ ಸೇರಿಸಿ ಬರೀರಿ, B2ರಲ್ಲಿ ಒಬ್ಬರ ಎಣಿಕೆ ಖರ್ಚು, B3ರಲ್ಲಿ ಜನ. B4ರಲ್ಲಿ ಈ ಸೂತ್ರ:

```
=(B1+B2*B3)/B3
```

B1ರಲ್ಲಿ 56700, B2ರಲ್ಲಿ 420 ಹಾಕಿ. B3ರಲ್ಲಿ 30 ಇದ್ರೆ 2,310 ಬರುತ್ತೆ. ಅದನ್ನೇ 24 ಮಾಡಿ, 22 ಮಾಡಿ, 18 ಮಾಡಿ ನೋಡಿ. 22ಕ್ಕೆ ಸುಮಾರು 2,997, 18ಕ್ಕೆ 3,570. ದುಡ್ಡು ಕೊಡೋರಿಗೆ ಕಳಿಸುವಾಗ ಈ ನಾಲ್ಕು ಸಾಲನ್ನೂ ಕಳಿಸಿ. ಒಂದೇ ಅಂಕಿ ನೋಡಿದವರು ಅದನ್ನ ಕಡಿಮೆ ಮಾಡಿ ಅಂತಾರೆ. ನಾಲ್ಕು ಸಾಲು ನೋಡಿದವರು ಜನ ಬರೋ ಹಾಗೆ ಏನು ಮಾಡ್ತೀರಿ ಅಂತ ಕೇಳ್ತಾರೆ. ಕೇಳಬೇಕಾದ ಪ್ರಶ್ನೆ ಎರಡನೆಯದು.

ನಿಮ್ಮ ಹತ್ತಿರ ಹಳೆಯ ತರಬೇತಿಯ ಬಜೆಟ್ ಇದ್ರೆ ಈ ವಾರ ಅದರ ಪಕ್ಕ ಹಾಜರಿ ಪುಸ್ತಕ ಇಟ್ಟು, ನಷ್ಟ ಆಗದಿರೋಕೆ ಎಷ್ಟು ಜನ ಬೇಕಿತ್ತು, ಎಷ್ಟು ಜನ ಬಂದಿದ್ರು ಅಂತ ಎರಡು ಅಂಕಿ ಬರೆದು ನೋಡಿ. ಮುಂದಿನ ಸಂಚಿಕೆಯಲ್ಲಿ ಇದೇ ಬಜೆಟ್‌ನ ಇನ್ನೊಂದು ಮುಖ ನೋಡೋಣ: ದುಡ್ಡು ಕಾರ್ಯಕ್ರಮ ಮುಗಿದ ಮೇಲೆ ಬರುತ್ತೆ, ಖರ್ಚು ಮೊದಲೇ ಆಗುತ್ತೆ, ನಡುವಿನ ದಿನಗಳನ್ನ ಹೇಗೆ ದಾಟೋದು ಅಂತ.